ಹದಿನೆಂಟು ಸೆಕೆಂಡಿನ ಒಗ್ಗರಣೆ

ಶುಕ್ರವಾರ ಮಧ್ಯಾಹ್ನ ಯಾರೋ ಫೋನ್ ಮಾಡಿ, ‘ಬಿಸಿಬೇಳೆಬಾತ್ ಎರಡು ಡಬ್ಬಿ ಕಳಿಸಿ’ ಅಂದರು. ಅವತ್ತು ಅತ್ತಿಗೆಯ ಅಡುಗೆಮನೆಯಲ್ಲಿ ಆಗಿದ್ದದ್ದು ಪುಳಿಯೋಗರೆ. ‘ಈಗಷ್ಟೇ ವಿಡಿಯೊ ನೋಡಿದೆನಲ್ಲ, ಇವತ್ತಿನ ಸ್ಪೆಷಲ್ ಅಂತ ನೀವೇ ಹಾಕಿದ್ದೀರಿ’ ಎಂದು ಆ ಕಡೆಯವರು ವಾದಕ್ಕೇ ನಿಂತರು. ನಾವು ಹಾಕಿದ್ದು ನಿಜ. ಹಾಕಿದ್ದು ಮಂಗಳವಾರ, ಅವರ ಫೋನಿಗೆ ಅದು ಹೋಗಿ ಮುಟ್ಟಿದ್ದು ಶುಕ್ರವಾರ.

ಅತ್ತಿಗೆಯದು ಬಸವೇಶ್ವರನಗರದಲ್ಲಿ ಮನೆಯ ಹಿಂದಿನ ಔಟ್‌ಹೌಸಿನಲ್ಲಿ ನಡೆಯುವ ಸಣ್ಣ ಕ್ಲೌಡ್ ಕಿಚನ್. ಹೆಸರು ದೊಡ್ಡದಾಗಿ ಕೇಳುತ್ತದೆ, ಆದರೆ ಒಳಗಿರುವುದು ನಾಲ್ಕು ಬರ್ನರಿನ ಒಂದು ಒಲೆ, ಸ್ಟೀಲಿನ ಒಂದು ಕಟ್ಟೆ, ಅತ್ತಿಗೆ ಮತ್ತು ಸಹಾಯಕ್ಕೆ ಬರುವ ಒಬ್ಬ ಹುಡುಗಿ. ಕೂತು ತಿನ್ನಲು ಮೇಜಿಲ್ಲ, ಬೀದಿಗೆ ಕಾಣುವ ಬೋರ್ಡಿಲ್ಲ. ದರ್ಶಿನಿಗಾದರೆ ಹಾದುಹೋಗುವವರ ಮೂಗಿಗೆ ಬಡಿಯುವ ಒಗ್ಗರಣೆಯ ವಾಸನೆಯೇ ಜಾಹೀರಾತು. ಕ್ಲೌಡ್ ಕಿಚನ್ನಿಗೆ ಆ ಭಾಗ್ಯವಿಲ್ಲ. ಡೆಲಿವರಿ ಆಪ್‌ನಲ್ಲಿ ನೂರಾರು ಹೆಸರುಗಳ ನಡುವೆ ಅದೂ ಒಂದು ಚಿಕ್ಕ ಚೌಕ, ಅಷ್ಟೆ. ಹಾಗಾಗಿ ದಿನಕ್ಕೊಂದು ಪುಟ್ಟ ವಿಡಿಯೊ ಹಾಕೋಣ ಅಂತ ಶುರು ಮಾಡಿದ್ದು. ಮೈದುನ ಫೋಟೊ ಗೀಟೊ ತೆಗೆಯುತ್ತಾನೆ ಎಂಬ ಕಾರಣಕ್ಕೆ ಆ ಕೆಲಸ ನನ್ನ ತಲೆಗೆ ಬಂತು.

2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾಯಿತು. ಜುಲೈನಲ್ಲಿ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ತೆರೆಯಿತು, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು. ಇವೆರಡರ ಗುಣವನ್ನು ನಾವು ಮೊದಲು ಸರಿಯಾಗಿ ಅರ್ಥ ಮಾಡಿಕೊಂಡಿರಲಿಲ್ಲ. ನಾವು ಹಾಕಿದ ವಿಡಿಯೊವನ್ನು ಅವು ಎಲ್ಲರಿಗೂ ಒಂದೇ ಏಟಿಗೆ ತೋರಿಸುವುದಿಲ್ಲ. ಒಂದಿಷ್ಟು ಜನರಿಗೆ ತೋರಿಸಿ, ಅವರು ನಿಂತು ನೋಡಿದರೆ ಇನ್ನಷ್ಟು ಜನರಿಗೆ ಒಯ್ಯುತ್ತವೆ. ಹೀಗೆ ಅದು ಮೂರು ದಿನ, ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಓಡಾಡುತ್ತದೆ. ಆದರೆ ‘ಇವತ್ತಿನ ಅಡುಗೆ’ಯ ಆಯಸ್ಸು ಮಧ್ಯಾಹ್ನ ಎರಡು ಗಂಟೆಯವರೆಗೆ. ಆ ಶುಕ್ರವಾರದ ಫೋನು ಹೇಳಿದ್ದು ಇದನ್ನೇ.

ಪರಿಹಾರ ಹೊಳೆದದ್ದು ಅತ್ತಿಗೆಗೆ. ‘ಇವತ್ತು ಅಂತ ಹೇಳೋದೇ ಬೇಡ ಕಣೋ, ವಾರ ಹೇಳೋಣ’ ಅಂದರು. ಅಲ್ಲಿಂದ ಅಡುಗೆಗೆ ವಾರಗಳು ನಿಗದಿಯಾದವು. ಸೋಮವಾರ ಚಪಾತಿ ಸಾಗು, ಮಂಗಳವಾರ ಬಿಸಿಬೇಳೆಬಾತ್, ಬುಧವಾರ ಮುದ್ದೆ ಬಸ್ಸಾರು, ಗುರುವಾರ ವಾಂಗಿಬಾತ್, ಶುಕ್ರವಾರ ಪುಳಿಯೋಗರೆ ಜೊತೆಗೆ ಮೊಸರನ್ನ, ಶನಿವಾರ ಜೋಳದ ರೊಟ್ಟಿ ಎಣ್ಣೆಗಾಯಿ. ಭಾನುವಾರ ರಜ. ವಿಡಿಯೊದ ಕೊನೆಯಲ್ಲಿ ಈಗ ‘ಪ್ರತಿ ಮಂಗಳವಾರ’ ಎಂದಿರುತ್ತದೆ. ಶುಕ್ರವಾರ ನೋಡಿದವರಿಗೂ ಅದು ಹಳಸಿದ ಸುದ್ದಿಯಲ್ಲ. ಬರುವ ಮಂಗಳವಾರಕ್ಕೆ ಅವರು ಈಗಲೇ ಹೇಳಿಡಬಹುದು.

ಬೆಲೆಯನ್ನೂ, ‘ಇನ್ನು ಹತ್ತೇ ಡಬ್ಬಿ ಉಳಿದಿದೆ’ ಎಂಬಂಥ ಮಾತನ್ನೂ ವಿಡಿಯೊದ ಮೇಲೆ ಬರೆಯುವುದನ್ನು ಬಿಟ್ಟೆವು. ಅವು ಹೋಗುವುದು ವಾಟ್ಸ್ಆಪ್ ಸ್ಟೇಟಸ್ಸಿಗೆ. ಸ್ಟೇಟಸ್ 24 ಗಂಟೆಗೆ ತಾನಾಗಿಯೇ ಅಳಿಸಿಹೋಗುತ್ತದೆ, ಅಂದಂದಿನ ಮಾತಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ವಿಡಿಯೊ ಒಂದೇ, ಹಾಕುವ ಜಾಗ ಎರಡು. ರೀಲ್ಸಿನಲ್ಲಿ ವಾರ ಮಾತ್ರ, ಸ್ಟೇಟಸ್ಸಿನಲ್ಲಿ ಅವತ್ತಿನ ಬೆಲೆ ಮತ್ತು ಹೊತ್ತು. ಇಷ್ಟು ಬೇರ್ಪಡಿಸಿದ ಮೇಲೆ ಅಂಥ ಫೋನು ನಿಂತಿತು.

ಇನ್ನು ಚಿತ್ರೀಕರಣ. ಮೊದಲ ದಿನ ನಾನು ಸಿನಿಮಾ ನಿರ್ದೇಶಕನ ಹುರುಪಿನಲ್ಲಿ ಮೂಲೆ ಮೂಲೆಯಿಂದ ತೆಗೆದೆ. ಬಾತ್ ಆರಿತು, ಅತ್ತಿಗೆಯ ಮುಖ ಬಿಸಿಯಾಯಿತು. ಮನೆಗೆ ಬಂದು ಎಡಿಟ್ ಮಾಡಿ ಮುಗಿಸುವಷ್ಟರಲ್ಲಿ ಹನ್ನೆರಡೂವರೆ. ಊಟಕ್ಕೆ ಏನು ತರಿಸೋಣ ಎಂದು ಆಫೀಸಿನವರು ಯೋಚಿಸುವ ಹೊತ್ತು ಅಷ್ಟರಲ್ಲಿ ಕಳೆದುಹೋಗಿತ್ತು. ಹನ್ನೊಂದರೊಳಗೆ ವಿಡಿಯೊ ಹೋಗದಿದ್ದರೆ ಅವತ್ತಿನ ಮಟ್ಟಿಗೆ ಅದು ದಂಡ. ಅಡುಗೆ ಹದಕ್ಕೆ ಬರುವುದು ಹತ್ತಕ್ಕೆ. ನಡುವೆ ಸಿಗುವುದು ಒಂದು ಗಂಟೆ, ಅದರಲ್ಲೂ ಕೈಗಳೆಲ್ಲ ಡಬ್ಬಿ ತುಂಬುವುದರಲ್ಲಿರುತ್ತವೆ. ಆದ್ದರಿಂದ ಏನು ತೆಗೆಯಬೇಕು ಎಂದು ದಿನಾ ಬೆಳಿಗ್ಗೆ ಯೋಚಿಸುವ ಕೆಲಸವನ್ನೇ ಇಲ್ಲವಾಗಿಸಬೇಕಿತ್ತು.

ನಾವು ಕಟ್ಟಿಕೊಂಡ ಚೌಕಟ್ಟು ಐದು ತುಣುಕುಗಳದ್ದು, ಒಟ್ಟು 18 ಸೆಕೆಂಡು. ಮೊದಲ ಮೂರು ಸೆಕೆಂಡು, ಸೌಟು ಪಾತ್ರೆಯಿಂದ ಮೇಲೆದ್ದು ಅಡುಗೆ ಜಾರಿ ಬೀಳುವುದು, ಮೇಲೆ ತಿಂಡಿಯ ಹೆಸರು. ಮುಂದಿನ ನಾಲ್ಕು ಸೆಕೆಂಡು ಅಂಗೈಯಲ್ಲಿ ಒಂದೇ ಒಂದು ಪದಾರ್ಥ, ಅವತ್ತು ಬೆಳಿಗ್ಗೆ ಸಂತೆಯಿಂದ ಬಂದದ್ದು. ಆಮೇಲೆ ಐದು ಸೆಕೆಂಡು ಸದ್ದು. ಬಳಿಕ ಮೂರು ಸೆಕೆಂಡು ಡಬ್ಬಿ ತುಂಬುವುದು, ಕೊನೆಯ ಮೂರು ಸೆಕೆಂಡು ಮುಚ್ಚಳ ಒತ್ತಿ ಚೀಟಿ ಅಂಟಿಸುವುದು. ಹಿನ್ನೆಲೆ, ಅಕ್ಷರದ ಬಗೆ, ಫೋನಿನ ಜಾಗ ಎಲ್ಲವೂ ದಿನವೂ ಅದೇ. ಬದಲಾಗುವುದು ಪಾತ್ರೆಯೊಳಗಿನದು ಮಾತ್ರ.

‘ಸದ್ದು’ ಎಂದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಶುರುವಿನಲ್ಲಿ ಆ ಜಾಗದಲ್ಲಿ ಇದ್ದದ್ದು ಒಗ್ಗರಣೆ. ಆದರೆ ಎಲ್ಲ ಅಡುಗೆಯ ಜೀವ ಒಗ್ಗರಣೆಯಲ್ಲಿರುವುದಿಲ್ಲ. ಬಸ್ಸಾರಿಗೆ ಹೆಸರು ಬಂದದ್ದೇ ಬಸಿಯುವುದರಿಂದ. ಬೇಯಿಸಿದ ಸೊಪ್ಪು ಕಾಳಿನಿಂದ ಹಸಿರು ಛಾಯೆಯ ನೀರು ಆವಿಯೊಂದಿಗೆ ಕೆಳಗಿನ ಪಾತ್ರೆಗೆ ಸುರಿಯುವ ಆ ಗಳಿಗೆಯೇ ಬುಧವಾರದ ಸದ್ದು. ಶನಿವಾರ ರೊಟ್ಟಿ ತಟ್ಟುವ ಪಟಪಟ. ಗುರುವಾರ ಬದನೆಕಾಯಿ ಹೋಳು ಎಣ್ಣೆಗೆ ಬೀಳುವ ಚುರ್ ಸದ್ದು. ಪ್ರತಿ ಅಡುಗೆಯಲ್ಲೂ ಹೀಗೆ ಕಿವಿಗೆ ಬೀಳುವ ಒಂದು ಗಳಿಗೆ ಇರುತ್ತದೆ. ಅದನ್ನು ಹುಡುಕಿಕೊಂಡರೆ ಸಿನಿಮಾ ಹಾಡಿನ ಹಂಗಿಲ್ಲ. ಹೇಗೂ ಇನ್‌ಸ್ಟಾಗ್ರಾಂನ ವ್ಯಾಪಾರಿ ಖಾತೆಗೆ ಜನಪ್ರಿಯ ಹಾಡುಗಳೆಲ್ಲ ಸಿಗುವುದಿಲ್ಲ. ವ್ಯಾಪಾರಕ್ಕೆ ಬಳಸಲು ಅನುಮತಿ ಇಲ್ಲದ ಹಾಡು ಹಾಕಿದರೆ ವಿಡಿಯೊ ಮೂಕವಾಗಬಹುದು, ಇಲ್ಲವೇ ತೆಗೆದುಹಾಕಲ್ಪಡಬಹುದು.

ಈ ಸದ್ದಿನ ಶತ್ರು ಚಿಮಣಿ. ಕಿವಿ ಅದಕ್ಕೆ ಒಗ್ಗಿಹೋಗಿರುವುದರಿಂದ ತೆಗೆಯುವಾಗ ಗೊತ್ತಾಗುವುದಿಲ್ಲ, ಆಮೇಲೆ ಇಯರ್‌ಫೋನ್ ಹಾಕಿಕೊಂಡು ಕೇಳಿದರೆ ವಿಮಾನ ಹಾರಿದಂತಿರುತ್ತದೆ. ಆ ಅರ್ಧ ನಿಮಿಷ ಚಿಮಣಿ ಆರಿಸುತ್ತೇವೆ, ಮೆಣಸಿನಕಾಯಿ ಘಾಟು ಏರುವ ಮುನ್ನ ಮತ್ತೆ ಹಾಕುತ್ತೇವೆ. ಮಾತನ್ನು ಅಲ್ಲಿ ಮುದ್ರಿಸುವುದೇ ಇಲ್ಲ. ಪಕ್ಕದ ಉಗ್ರಾಣದಲ್ಲಿ ಅಕ್ಕಿ ಮೂಟೆಗಳ ನಡುವೆ ನಿಂತು ಅತ್ತಿಗೆ ಹೇಳುತ್ತಾರೆ. ಮೂಟೆಗಳು ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತವೆ, ಬರಿಗೋಡೆಯ ಕೋಣೆಯಲ್ಲಿ ಇರುವ ಗೊಂಯ್ ಇರುವುದಿಲ್ಲ.

ಮಂಗಳವಾರದ ಮಾತು ಇಷ್ಟೇ: ‘ಮಂಗಳವಾರ, ಬಿಸಿಬೇಳೆಬಾತ್. ಇವತ್ತು ಎಳೆ ನವಿಲುಕೋಸು ಸಿಕ್ತು.’ ಇಲ್ಲಿ ಐದು ಸೆಕೆಂಡು ಸುಮ್ಮನೆ, ಒಗ್ಗರಣೆ ಮಾತಾಡುತ್ತದೆ. ಆಮೇಲೆ, ‘ಮೇಲೆ ತುಪ್ಪ, ಪಕ್ಕದಲ್ಲಿ ಖಾರಾ ಬೂಂದಿ. ಹನ್ನೊಂದೂವರೆಗೆ ಡಬ್ಬಿ ಹೊರಡತ್ತೆ.’ ಕನ್ನಡದ ಪದಗಳು ಉದ್ದ, ಸೆಕೆಂಡಿಗೆ ಎರಡರ ಮೇಲೆ ತುರುಕಿದರೆ ಹರಾಜು ಕೂಗಿದಂತಾಗುತ್ತದೆ. ಒಗ್ಗರಣೆಯ ಮೌನ ಕಳೆದರೆ ಉಳಿಯುವುದು 13 ಸೆಕೆಂಡು. ಬರೆದ ಮಾತು ಇಪ್ಪತ್ತೈದು ಪದ ದಾಟಿದರೆ ಒಂದು ವಾಕ್ಯ ಕತ್ತರಿಸಬೇಕು. ‘ನಮ್ಮ ಪ್ರೀತಿಯ ಗ್ರಾಹಕರಿಗೆ ನಮಸ್ಕಾರ’ ಎಂಬ ವಾಕ್ಯ ಕತ್ತರಿಗೆ ಬಲಿಯಾದದ್ದು ಮೊದಲ ವಾರದಲ್ಲೇ. ಅದು ಮುಗಿಯುವಷ್ಟರಲ್ಲಿ ನೋಡುವವರ ಹೆಬ್ಬೆರಳು ಮುಂದಿನ ವಿಡಿಯೊಗೆ ಹೋಗಿರುತ್ತದೆ.

ಒಂದು ಮಂಗಳವಾರ ಬೆಳಿಗ್ಗೆ ಇದೆಲ್ಲ ಹೇಗೆ ನಡೆಯುತ್ತದೆ ನೋಡಿ. ಒಂಬತ್ತೂವರೆಗೆ ಬೇಳೆ, ಅಕ್ಕಿ, ತರಕಾರಿ ಬೆಂದು ಹುಣಿಸೆರಸ, ಪುಡಿ ಬಿದ್ದು ಕುದಿಯುತ್ತಿರುತ್ತದೆ. ಆಗ ನಾನು ಹೋಗಿ ಫೋನನ್ನು ಕ್ಲ್ಯಾಂಪಿಗೆ ಸಿಕ್ಕಿಸುತ್ತೇನೆ. ಗೋಡೆಯ ಶೆಲ್ಫಿಗೆ ಬಿಗಿದ ಬಗ್ಗುವ ಕತ್ತಿನ ಕ್ಲ್ಯಾಂಪು ಅದು, ಅದರ ಕತ್ತು ಎಲ್ಲಿಗೆ ನಿಲ್ಲಬೇಕೆಂದು ಗೋಡೆಯ ಮೇಲೆ ಟೇಪಿನ ಗುರುತಿದೆ. ಕಟ್ಟೆಯ ಮೇಲೂ ಎರಡು ಟೇಪು, ಪಾತ್ರೆಗೊಂದು, ಡಬ್ಬಿಗೊಂದು. ಸ್ಟೀಲ್ ಕಟ್ಟೆ ಕನ್ನಡಿಯಂತೆ ಫೋನನ್ನೂ ನನ್ನ ಮೂಗನ್ನೂ ತೋರಿಸುತ್ತಿತ್ತು, ಅದಕ್ಕೆ ಅಲ್ಲಿ ಒಂದು ಕಪ್ಪು ಕಡಪಾ ಕಲ್ಲು ಹಾಸಿದ್ದೇವೆ. ಹೊಳಪು ಕೊಡದ, ಒರಟು ಮೈಯ ಕಲ್ಲು. ಹಿಂದೆ ಕಪ್ಪಿದ್ದರೆ ಆವಿ ಕಾಣುತ್ತದೆ. ಬಿಳಿ ಟೈಲಿನ ಮುಂದೆ ಎಷ್ಟು ಹಬೆಯಾಡಿದರೂ ಕ್ಯಾಮೆರಾಗೆ ಅದು ತಣ್ಣನ್ನವೇ. ಬೆಳಕೂ ಎದುರಿನಿಂದ ಬರಬಾರದು, ಪಕ್ಕದ ಕಿಟಕಿಯಿಂದ ಸ್ವಲ್ಪ ಹಿಂದೆ ಸರಿದು ಬರಬೇಕು.

ತೆಗೆಯುವ ಕ್ರಮ ತೋರಿಸುವ ಕ್ರಮದಂತಿರುವುದಿಲ್ಲ. ಸೌಟು ಎತ್ತುವುದನ್ನು ಹತ್ತು ಸಲ ಮಾಡಬಹುದು, ಡಬ್ಬಿಗಳಂತೂ ನಲವತ್ತು ತುಂಬುವುದಿದೆ. ಒಗ್ಗರಣೆ ಮಾತ್ರ ಒಂದೇ ಸಲ. ಆದ್ದರಿಂದ ಅದೇ ಮೊದಲು. ತುಪ್ಪ ಕಾಯಲಿಟ್ಟಾಗಲೇ ರೆಕಾರ್ಡ್ ಒತ್ತಿಬಿಡುತ್ತೇನೆ. ಪರದೆಯ ಮೇಲೆ ಬಾಣಲಿಯ ಜಾಗವನ್ನು ಬೆರಳಲ್ಲಿ ಒತ್ತಿಹಿಡಿದು ಫೋಕಸ್ ಮತ್ತು ಬೆಳಕನ್ನು ಬೀಗ ಹಾಕಿರಬೇಕು. ಇಲ್ಲದಿದ್ದರೆ ಹೊಗೆ ಎದ್ದ ತಕ್ಷಣ ಫೋನು ಗಾಬರಿಯಾಗಿ ಮಸುಕಾಗುತ್ತದೆ. ಸಾಸಿವೆ ಸಿಡಿಯುತ್ತದೆ, ಇಂಗು, ಒಣಮೆಣಸಿನಕಾಯಿ, ಗೋಡಂಬಿ, ಕೊನೆಗೆ ಕರಿಬೇವು. ನೀರಿನ ಪಸೆ ಇರುವ ಕರಿಬೇವು ಬಿದ್ದಾಗ ಏಳುವ ಆ ಐದು ಸೆಕೆಂಡಿನ ಅಬ್ಬರವೇ ನಮಗೆ ಬೇಕಾದದ್ದು. ಫೋನು ಒಂದೂವರೆ ಅಡಿಗಿಂತ ಹತ್ತಿರವಿದ್ದರೆ ಆ ತುಪ್ಪದ ಪ್ರಸಾದ ಲೆನ್ಸಿಗೂ ಸಿಗುತ್ತದೆ.

ಲೆನ್ಸಿನ ವಿಷಯಕ್ಕೆ ಬಂದದ್ದರಿಂದ ಹೇಳುತ್ತೇನೆ, ನಮ್ಮ ಮೂರನೇ ವಾರದ ವಿಡಿಯೊಗಳೆಲ್ಲ ಮಂಜು ಮುಸುಕಿದಂತಿದ್ದವು. ಫೋನು ಹಳತಾಯಿತು ಎಂದು ನಾನು ಹೊಸದರ ಬೆಲೆ ನೋಡಲು ಶುರು ಮಾಡಿದ್ದೆ. ಸಹಾಯದ ಹುಡುಗಿ ಬಂದು ತನ್ನ ಕನ್ನಡಕ ಒರೆಸುವ ಬಟ್ಟೆಯಲ್ಲಿ ಲೆನ್ಸು ಒರೆಸಿ, ‘ಜಿಡ್ಡು ಅಣ್ಣ’ ಅಂದಳು. ಅಡುಗೆಮನೆಯ ಗಾಳಿಯಲ್ಲಿರುವ ಎಣ್ಣೆಯ ಸೂಕ್ಷ್ಮ ಹನಿ ದಿನವೂ ಒಂದು ಪದರ ಕೂರುತ್ತದೆ. ದೀಪದ ಸುತ್ತ ಬೆಳಕು ಉದ್ದುದ್ದ ಗೀರಾಗಿ ಹರಡಿದ್ದರೆ ಅದು ಜಿಡ್ಡಿನದೇ ಗುರುತು.

ಇನ್ನೊಂದು ಕಾಟ ಟ್ಯೂಬ್‌ಲೈಟಿನದು. ಮಳೆಗಾಲದ ಮೋಡದ ದಿನ ಕಿಟಕಿ ಬೆಳಕು ಸಾಲದೆ ಎಲ್‌ಇಡಿ ಪಟ್ಟಿ ಹಾಕಿದರೆ ವಿಡಿಯೊದಲ್ಲಿ ಕಪ್ಪು ಪಟ್ಟೆಗಳು ಮೇಲಿಂದ ಕೆಳಗೆ ತೇಲುತ್ತಿದ್ದವು. ಕಣ್ಣಿಗೆ ಕಾಣದು, ಕ್ಯಾಮೆರಾಗೆ ಮಾತ್ರ ಕಾಣುತ್ತದೆ. ನಮ್ಮ ಮನೆಗಳ ಕರೆಂಟು 50 ಹರ್ಟ್ಸಿನದು, ಆದ್ದರಿಂದ ಅಗ್ಗದ ದೀಪ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. ಫೋನಿನ ಶಟರು ಆ ಮಿಣುಕಿನ ಲೆಕ್ಕಕ್ಕೆ ತಾಳೆಯಾಗದಿದ್ದರೆ ಪಟ್ಟೆ ಬೀಳುತ್ತದೆ. ಕ್ಯಾಮೆರಾದ ಪ್ರೊ ಮೋಡಿನಲ್ಲಿ ಶಟರನ್ನು 1/50 ಅಥವಾ 1/100ಕ್ಕೆ ನಿಲ್ಲಿಸಿದರೆ ಪ್ರತಿ ಚಿತ್ರಕ್ಕೂ ಇಡೀ ಮಿಣುಕುಗಳೇ ಸಿಕ್ಕಿ ಪಟ್ಟೆ ಮಾಯವಾಗುತ್ತದೆ. ಆ ಸೌಲಭ್ಯವಿಲ್ಲದ ಫೋನಾದರೆ ಮಿಣುಕದ ಒಳ್ಳೆಯ ಬಲ್ಬು ತರುವುದೇ ಸರಿ.

ಒಗ್ಗರಣೆ ಆದ ಮೇಲೆ ಉಳಿದದ್ದು ಸಲೀಸು. ಬಾತಿಗೆ ಅದನ್ನು ಸುರಿದು ಕಲಸಿದ ಕೂಡಲೇ ಸೌಟು ಎತ್ತುವುದು. ಇದಕ್ಕೆ ತಡಮಾಡುವಂತಿಲ್ಲ. ಬಿಸಿಬೇಳೆಬಾತ್ ನಿಂತಂತೆ ಅನ್ನ ನೀರು ಕುಡಿದು ಗಟ್ಟಿಯಾಗುತ್ತದೆ, ಕಾಲು ಗಂಟೆ ಬಿಟ್ಟರೆ ಜಾರುವ ಬದಲು ಮುದ್ದೆಯಾಗಿ ಬೀಳುತ್ತದೆ. ಅದೇ ಕಾರಣಕ್ಕೆ ಡಬ್ಬಿಗೆ ತುಂಬುವುದನ್ನೂ ಅತ್ತಿಗೆ ಕೊಂಚ ತೆಳ್ಳಗೇ ತುಂಬುತ್ತಾರೆ, ಮನೆ ತಲುಪುವಾಗ ಹದಕ್ಕೆ ಬರಲಿ ಎಂದು. ಆಮೇಲೆ ಅಂಗೈಯ ನವಿಲುಕೋಸು, ಡಬ್ಬಿ, ಮುಚ್ಚಳ. ಎಲ್ಲ ಸೇರಿ ಹತ್ತು ನಿಮಿಷ. ಎಡಿಟಿಂಗ್ ಆಪ್‌ನಲ್ಲಿ ಹಿಂದಿನ ವಾರದ ಫೈಲನ್ನೇ ನಕಲು ಮಾಡಿ, ಐದು ತುಣುಕು ಬದಲಿಸಿ, ಮಾತು ಕೂರಿಸಿದರೆ ಮುಗಿಯಿತು. ಅಕ್ಷರಗಳನ್ನು ಪರದೆಯ ನಡುಭಾಗದಲ್ಲೇ ಇಡುತ್ತೇವೆ. ಕೆಳಗಿನ ಮೂರನೇ ಒಂದು ಭಾಗ ರೀಲ್ಸಿನ ಹೆಸರು, ಬರಹಗಳ ಅಡಿ ಹೂತುಹೋಗುತ್ತದೆ, ಬಲಬದಿಯಲ್ಲಿ ಲೈಕು, ಷೇರಿನ ಗುಂಡಿಗಳು. ಒಂದು ತಿಂಗಳು ನಮ್ಮ ಫೋನ್ ನಂಬರು ಅಲ್ಲಿ ಯಾರಿಗೂ ಕಾಣದೆ ಕೂತಿತ್ತು.

ಡಬ್ಬಿಯನ್ನೇ ತೋರಿಸಬೇಕು ಎಂಬುದು ಮಾತ್ರ ಪೆಟ್ಟು ತಿಂದು ಕಲಿತ ಪಾಠ. ಮೊದಮೊದಲು ಹಿತ್ತಾಳೆ ಬಟ್ಟಲಲ್ಲಿ ಬಾತ್ ಬಡಿಸಿ, ಬಾಳೆ ಎಲೆ ಹಾಸಿ, ಪಕ್ಕದಲ್ಲಿ ಹಪ್ಪಳ ಇಟ್ಟು ತೆಗೆಯುತ್ತಿದ್ದೆ. ನೋಡಲು ಬಲು ಚೆಂದ. ‘ವಿಡಿಯೊದಲ್ಲಿ ಬಟ್ಟಲು ತುಂಬ, ನಮಗೆ ಬಂದದ್ದು ಅರ್ಧ ಲೀಟರಿನ ಪ್ಲಾಸ್ಟಿಕ್ ಡಬ್ಬಿ’ ಎಂದು ಒಬ್ಬ ಗಿರಾಕಿ ಬರೆದರು. ಹಪ್ಪಳ ಎಲ್ಲಿ ಎಂದು ಇನ್ನೊಬ್ಬರು. ಅವರ ಮಾತು ಸರಿಯಾಗಿಯೇ ಇತ್ತು. ಈಗ ಕಳಿಸುವ ಡಬ್ಬಿಯನ್ನೇ, ಕಳಿಸುವ ಮಟ್ಟಕ್ಕೇ ತುಂಬಿ ತೋರಿಸುತ್ತೇವೆ. ಚೀಟಿಯ ಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನೋಂದಣಿ ಸಂಖ್ಯೆ ಇರುವುದರಿಂದ ಅದೂ ಕೊನೆಯ ತುಣುಕಿನಲ್ಲಿ ತಾನಾಗಿ ಕಾಣುತ್ತದೆ. ಫೋನು ಮುಟ್ಟಿದ ಕೈ ಅಡುಗೆ ಮುಟ್ಟುವುದಿಲ್ಲ. ನಾನಿಲ್ಲದ ದಿನ ಹುಡುಗಿ ಫೋನು ನೋಡಿಕೊಳ್ಳುತ್ತಾಳೆ, ಅತ್ತಿಗೆ ಅಡುಗೆ. ಉಂಗುರ, ಉಗುರು, ತಲೆಯ ಟೋಪಿ, ಇವು ತೆಗೆಯುವವರ ಕಣ್ಣಿಗೆ ಬೀಳದಿದ್ದರೂ ನೋಡುವವರ ಕಣ್ಣಿಗೆ ಬಿದ್ದೇ ಬೀಳುತ್ತವೆ.

ಒಂದು ವಿಷಯದಲ್ಲಿ ನನಗೂ ಅತ್ತಿಗೆಗೂ ಇನ್ನೂ ರಾಜಿಯಾಗಿಲ್ಲ. ಚೌಕಟ್ಟು ಒಂದೇ ಆದ್ದರಿಂದ ಕಳೆದ ಮಂಗಳವಾರದ ಒಗ್ಗರಣೆಗೂ ಈ ಮಂಗಳವಾರದ್ದಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಅಂಗೈಯ ತರಕಾರಿ ಒಂದನ್ನು ಹೊಸದಾಗಿ ತೆಗೆದು ಉಳಿದ ನಾಲ್ಕು ತುಣುಕು ಹಳೆಯದೇ ಹಾಕಿದರೆ ಮೂರು ನಿಮಿಷದಲ್ಲಿ ಮುಗಿಯುತ್ತದೆ ಎಂದು ನನ್ನ ವಾದ. ‘ಹೋದ ವಾರದ ಒಗ್ಗರಣೆ ತೋರ್ಸಿ ಈ ವಾರದ ಅನ್ನ ಮಾರ್ತೀಯಾ?’ ಎಂದು ಅವರು. ಕಟ್ಟಕಡೆಗೆ ಒಪ್ಪಿಕೊಂಡದ್ದು ಇಷ್ಟು: ಗ್ಯಾಸ್ ಕೈಕೊಟ್ಟ ದಿನವೋ, ದೊಡ್ಡ ಆರ್ಡರ್ ಬಂದ ದಿನವೋ ಹಳೆಯ ಇಡೀ ವಿಡಿಯೊವನ್ನೇ ಮತ್ತೆ ಹಾಕಬಹುದು, ಅದರಲ್ಲಿ ‘ಇವತ್ತು ಸಿಕ್ತು’ ಎಂಬ ಮಾತು ಇರಬಾರದು. ಹೀಗಾಗಿ ಪ್ರತಿ ವಾರಕ್ಕೂ ಆ ಮಾತಿಲ್ಲದ ಒಂದು ವಿಡಿಯೊ ಉಗ್ರಾಣದಲ್ಲಿದೆ.

ಫಲ ಅಳೆಯುವುದು ಹೇಗೆ? ವೀಕ್ಷಣೆಯ ಲೆಕ್ಕ ನೋಡಿ ಹಿಗ್ಗಿದರೆ ಮೋಸ ಹೋಗುತ್ತೇವೆ. ನಮ್ಮ ಡಬ್ಬಿ ಬಿಸಿಯಾಗಿ ತಲುಪುವುದು ಮನೆಯಿಂದ ನಾಲ್ಕೈದು ಕಿಲೋಮೀಟರಿನವರೆಗೆ, ರಾಜಾಜಿನಗರ, ವಿಜಯನಗರ, ಕಾಮಾಕ್ಷಿಪಾಳ್ಯ. ಎಣ್ಣೆಗಾಯಿ ವಿಡಿಯೊ ಒಮ್ಮೆ ಎಲ್ಲೆಲ್ಲೋ ಹೋಗಿ, ದುಬೈನಲ್ಲಿರುವ ಬಾಗಲಕೋಟೆಯವರೊಬ್ಬರು ‘ನಮಗೂ ಒಂದು ಡಬ್ಬಿ ಕಳಿಸ್ರಿ’ ಎಂದು ಬರೆದಿದ್ದರು. ಓದಿ ಖುಷಿಯಾಯಿತು, ಆದರೆ ಅವತ್ತು ರೊಟ್ಟಿ ಮಿಕ್ಕಿತ್ತು. ಅಂದಿನಿಂದ ಮೊದಲ ಸಾಲಿನಲ್ಲೇ ಬಡಾವಣೆಯ ಹೆಸರು ಬರೆಯುತ್ತೇವೆ. ಲೆಕ್ಕಕ್ಕೆ ಇಟ್ಟುಕೊಂಡಿರುವುದು ಎರಡೇ. ವಿಡಿಯೊ ಹೋದ ಮೇಲೆ ಹನ್ನೊಂದೂವರೆಯೊಳಗೆ ನೇರವಾಗಿ ಬಂದ ಫೋನು, ಮೆಸೇಜು ಎಷ್ಟು ಎನ್ನುವುದು ಮೊದಲನೆಯದು. ಇನ್ನೊಂದು, ಜನ ಯಾವ ಸೆಕೆಂಡಿನಲ್ಲಿ ಬಿಟ್ಟುಹೋದರು ಎಂದು ಇನ್‌ಸ್ಟಾಗ್ರಾಂ ತೋರಿಸುವ ಗೆರೆ. ಆ ಗೆರೆ ಮೂರನೇ ಸೆಕೆಂಡಿಗೇ ಕುಸಿದಿದ್ದರೆ ಸೌಟಿನ ತುಣುಕು ಸೋತಿದೆ ಎಂದರ್ಥ.

ಬುಧವಾರಗಳಲ್ಲಿ ಅದು ಕುಸಿಯುತ್ತಲೇ ಇತ್ತು. ನಮ್ಮ ಅಡುಗೆಯ ಬಣ್ಣವೇ ಕಂದು ತಾನೆ, ಅದರಲ್ಲೂ ಕಪ್ಪು ಕಲ್ಲಿನ ಮೇಲೆ ಮುದ್ದೆ, ಬಸ್ಸಾರು ಎರಡನ್ನೂ ಮೇಲಿನಿಂದ ತೆಗೆದರೆ ಕತ್ತಲಲ್ಲಿ ಕತ್ತಲು. ಬಸ್ಸಾರಿನ ಸೌಟು ಎತ್ತಿದರೆ ಯಾವ ಸಾರೆಂದೂ ತಿಳಿಯದು. ಅಲ್ಲಿ ಮಾತ್ರ ಚೌಕಟ್ಟು ಮುರಿದೆವು. ಕಲ್ಲು ತೆಗೆದು ಬಾಳೆ ಎಲೆ ಹಾಸಿ, ಫೋನನ್ನು ಮುದ್ದೆಯ ಎತ್ತರಕ್ಕೇ ಇಳಿಸಿ, ಸೌಟಿನ ಬದಲು ಬಿಸಿ ಮುದ್ದೆಯನ್ನು ಬೆರಳಲ್ಲಿ ಮುರಿಯುವುದರಿಂದ ಶುರು ಮಾಡಿದೆವು. ಪಕ್ಕದ ಬೆಳಕಿಗೆ ಮುರಿದ ಜಾಗದಿಂದ ಆವಿ ಎದ್ದು ಕಂಡಿತು. ಎರಡು ವಾರದಿಂದ ಗೆರೆ ಮೂರನೇ ಸೆಕೆಂಡಿಗೆ ಬೀಳುತ್ತಿಲ್ಲ. ಆದರೆ ಅಷ್ಟು ಬಿಸಿ ಮುದ್ದೆ ಮುರಿಯುವುದು ಯಾರ ಬೆರಳು ಎಂಬ ಪ್ರಶ್ನೆ ಉಳಿದಿದೆ. ಹುಡುಗಿ ಒಲ್ಲೆ ಎಂದಿದ್ದಾಳೆ, ಅತ್ತಿಗೆ ಒಂದು ಬಟ್ಟಲು ತಣ್ಣೀರು ತಂದು ನನ್ನ ಮುಂದಿಟ್ಟಿದ್ದಾರೆ.